ಬೋರ್ಡಿನ ಮೇಲೆ ಹತ್ತು, ರಸೀದಿಯಲ್ಲಿ ಏಳೂಕಾಲು

ಇವತ್ತು ರಾಜಕೀಯ ಇಲ್ಲ, ಕ್ರಿಕೆಟ್ ಇಲ್ಲ. ಹಾವೇರಿ ಜಿಲ್ಲೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಒಂದು ಪ್ರಶ್ನೆ ಕಳಿಸಿದ್ದಾರೆ. ನಿವೃತ್ತಿಯಲ್ಲಿ ಬಂದ ದುಡ್ಡಲ್ಲಿ 10 ಲಕ್ಷ ಉಳಿದಿದೆ. ಹತ್ತು ವರ್ಷ ಮುಟ್ಟೋದಿಲ್ಲ, ಮೊಮ್ಮಗಳ ಓದಿಗೆ ಅಂತ ಎತ್ತಿಡಬೇಕು. ಊರಿನ ಒಂದು ಸಹಕಾರ ಸೊಸೈಟಿಯ ಬೋರ್ಡಿನಲ್ಲಿ ‘ವಾರ್ಷಿಕ ಶೇ.10, ಹತ್ತು ವರ್ಷಕ್ಕೆ ದುಪ್ಪಟ್ಟು’ ಅಂತ ಬರೆದಿದೆ. ಬ್ಯಾಂಕಿನಲ್ಲಿ ಕೇಳಿದರೆ ಶೇ.7.25 ಅಂದರಂತೆ. ‘ಹತ್ತು ಬಿಟ್ಟು ಏಳೂಕಾಲಿಗೆ ಯಾಕೆ ಹೋಗಲಿ ಸರ್, ನೀವೇ ಹೇಳಿ’ ಅಂತ ಕೇಳಿದ್ದಾರೆ.

ಹತ್ತು ದೊಡ್ಡದೋ, ಏಳೂಕಾಲು ದೊಡ್ಡದೋ? ಮೂರನೇ ಕ್ಲಾಸಿನ ಮಗು ಕೂಡ ಉತ್ತರ ಹೇಳುತ್ತೆ. ಆದರೆ ಈ ಲೆಕ್ಕದಲ್ಲಿ ಆ ಮಗುವಿನ ಉತ್ತರ ತಪ್ಪು! ಮೇಷ್ಟ್ರಿಗೆ ಹೆಚ್ಚು ದುಡ್ಡು ಕೊಡೋದು ಆ ಏಳೂಕಾಲೇ. ಹೇಗೆ ಅಂತ ನೋಡೋಣ ಬನ್ನಿ.

ಎಂಜಿನಿಯರಿಂಗ್ ಓದಿದವರಿಗೆ ಒಂದು ಚಾಳಿ ಇರುತ್ತೆ. ಯಾರಾದರೂ ಒಂದು ಸಂಖ್ಯೆ ಹೇಳಿದರೆ, ‘ಯೂನಿಟ್ ಯಾವುದು?’ ಅಂತ ಕೇಳುತ್ತೇವೆ. ಐದು ಅಂದರೆ ಐದು ಮೀಟರೋ, ಐದು ಅಡಿಯೋ? ಬಡ್ಡಿಯ ಶೇಕಡಾ ಲೆಕ್ಕಕ್ಕೂ ಹೀಗೇ ಯೂನಿಟ್ ಇದೆ. ಯಾವ ಮೊತ್ತದ ಮೇಲೆ ಬಡ್ಡಿ? ಎಷ್ಟು ತಿಂಗಳಿಗೊಮ್ಮೆ ಆ ಬಡ್ಡಿ ಅಸಲಿಗೆ ಸೇರುತ್ತೆ? ಈ ಎರಡು ಗೊತ್ತಿಲ್ಲದೆ ಬರೀ ‘ಹತ್ತು’, ‘ಏಳು’ ಅಂದರೆ ಅರ್ಥವೇ ಇಲ್ಲ.

ಒಂದು ಸಣ್ಣ ಉದಾಹರಣೆ ತಗೊಳ್ಳೋಣ. 1 ಲಕ್ಷ ರೂಪಾಯಿ, ಶೇ.7 ಬಡ್ಡಿ, ಐದು ವರ್ಷ.

ಮೊದಲು ಸರಳ ಬಡ್ಡಿ. ಇಲ್ಲಿ ಬಡ್ಡಿ ಹುಟ್ಟೋದು ಅಸಲಿನ ಮೇಲೆ ಮಾತ್ರ. ವರ್ಷಕ್ಕೆ 7,000. ಐದು ವರ್ಷಕ್ಕೆ 35,000. ಕೈಗೆ ಬರೋದು 1,35,000. ಐದನೇ ವರ್ಷದಲ್ಲೂ ಅದೇ 7,000, ಒಂದು ಪೈಸೆ ಹೆಚ್ಚಿಲ್ಲ.

ಎರಡನೆಯದು ಚಕ್ರಬಡ್ಡಿ, ವರ್ಷಕ್ಕೊಮ್ಮೆ ಸೇರುವಂಥದ್ದು. ಮೊದಲ ವರ್ಷದ 7,000 ಅಸಲಿಗೆ ಸೇರಿ 1,07,000 ಆಗುತ್ತೆ. ಎರಡನೇ ವರ್ಷ ಬಡ್ಡಿ ಹುಟ್ಟೋದು ಈ 1,07,000ದ ಮೇಲೆ, ಅಂದರೆ 7,490. ಹೀಗೆ ಐದು ವರ್ಷ ಸಾಗಿದರೆ ಕೈಗೆ ಬರೋದು 1,40,255. ಅದೇ ಶೇ.7, ಅದೇ ಐದು ವರ್ಷ, ಆದರೂ 5,255 ರೂಪಾಯಿ ಜಾಸ್ತಿ.

ಮೂರನೆಯದು ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮಾಡುವ ಲೆಕ್ಕ. ಬಡ್ಡಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತೆ. ಶೇ.7ನ್ನು ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗ ಶೇ.1.75. ಮೊದಲ ಮೂರು ತಿಂಗಳಿಗೆ ಬಡ್ಡಿ 1,750. ಎರಡನೇ ಮೂರು ತಿಂಗಳಿಗೆ 1,01,750ರ ಮೇಲೆ 1,781. ಮೂರನೆಯದಕ್ಕೆ 1,812, ನಾಲ್ಕನೆಯದಕ್ಕೆ 1,843. ವರ್ಷದ ಕೊನೆಗೆ ಒಟ್ಟು ಬಡ್ಡಿ 7,186. ಅಂದರೆ ಹೆಸರಿಗೆ ಶೇ.7, ನಿಜವಾಗಿ ವರ್ಷಕ್ಕೆ ಸಿಕ್ಕಿದ್ದು ಶೇ.7.19. ಐದು ವರ್ಷಕ್ಕೆ ಕೈಗೆ ಬರೋದು 1,41,478.

ಇಲ್ಲಿ ಒಂದು ವಿಷಯ ಗಮನಿಸಿ. ಸರಳ ಬಡ್ಡಿಯಿಂದ ಚಕ್ರಬಡ್ಡಿಗೆ ಹೋದಾಗ ಸಿಕ್ಕ ಲಾಭ 5,255. ವರ್ಷಕ್ಕೊಮ್ಮೆ ಅನ್ನೋದರಿಂದ ಮೂರು ತಿಂಗಳಿಗೊಮ್ಮೆಗೆ ಹೋದಾಗ ಸಿಕ್ಕಿದ್ದು ಬರೀ 1,223. ತಿಂಗಳಿಗೊಮ್ಮೆ ಸೇರಿಸಿದರೆ ಇನ್ನೂ 285 ರೂಪಾಯಿ ಅಷ್ಟೇ. ಎಷ್ಟು ಸಲ ಸೇರಿಸುತ್ತಾರೆ ಅನ್ನೋದು ಮುಖ್ಯ, ಆದರೆ ಸೇರಿಸುತ್ತಾರೋ ಇಲ್ಲವೋ ಅನ್ನೋದು ಅದಕ್ಕಿಂತ ಬಹಳ ಮುಖ್ಯ. ಹಾಗಂತ ಆ ಸಣ್ಣ ವ್ಯತ್ಯಾಸವನ್ನ ಬಿಡೋ ಹಾಗೂ ಇಲ್ಲ. ಒಂದು ಕಡೆ ವರ್ಷಕ್ಕೊಮ್ಮೆ ಸೇರುವ ಶೇ.7.25, ಇನ್ನೊಂದು ಕಡೆ ಮೂರು ತಿಂಗಳಿಗೊಮ್ಮೆ ಸೇರುವ ಶೇ.7.10 ಇದ್ದರೆ, ಗೆಲ್ಲೋದು 7.10. ಯಾಕಂದ್ರೆ ಅದರ ನಿಜವಾದ ವಾರ್ಷಿಕ ಬಡ್ಡಿ ಶೇ.7.29.

ಈಗ ಬೋರ್ಡಿನ ಕರಾಮತ್ತಿಗೆ ಬರೋಣ. ಶೇ.7ರ ಬ್ಯಾಂಕ್ ಠೇವಣಿ ಐದು ವರ್ಷಕ್ಕೆ 41,478 ಬಡ್ಡಿ ಕೊಟ್ಟಿತಲ್ಲ, ಅದನ್ನ ಸುಮ್ಮನೆ ಐದರಿಂದ ಭಾಗಿಸಿ. ವರ್ಷಕ್ಕೆ 8,296 ಬರುತ್ತೆ. ತಕ್ಷಣ ಬೋರ್ಡಿನ ಮೇಲೆ ‘ಇಳುವರಿ ಶೇ.8.30’ ಅಂತ ಬರೆಯಬಹುದು. ಅದೇ ಠೇವಣಿಯನ್ನ ಹತ್ತು ವರ್ಷ ಇಟ್ಟರೆ 1 ಲಕ್ಷ 2,00,160 ಆಗುತ್ತೆ. ಬಡ್ಡಿಯನ್ನ ಹತ್ತರಿಂದ ಭಾಗಿಸಿ, ‘ಇಳುವರಿ ಶೇ.10.02’! ಬಡ್ಡಿ ದರ ಅಲುಗಾಡಿಲ್ಲ, ಶೇ.7ರಲ್ಲೇ ಕೂತಿದೆ. ಬೋರ್ಡಿನ ಸಂಖ್ಯೆ ಮಾತ್ರ ಏಳರಿಂದ ಎಂಟೂಕಾಲು ದಾಟಿ ಹತ್ತಕ್ಕೆ ಹತ್ತಿಬಿಟ್ಟಿದೆ. ಇದು ಸುಳ್ಳಾ? ಗಣಿತದಲ್ಲಿ ಸುಳ್ಳಲ್ಲ. ಚಕ್ರಬಡ್ಡಿಯಲ್ಲಿ ಬೆಳೆದ ಹಣವನ್ನ ಸರಳ ಬಡ್ಡಿಯ ಅಳತೆಗೋಲಿನಲ್ಲಿ ಅಳೆದಿದ್ದಾರೆ, ಅಷ್ಟೇ. ಮೀಟರಿನಲ್ಲಿ ಅಳೆದದ್ದನ್ನ ಅಡಿಯಲ್ಲಿ ಹೇಳಿದರೆ ಸಂಖ್ಯೆ ದೊಡ್ಡದಾಗುತ್ತೆ, ಬಟ್ಟೆ ಉದ್ದ ಆಗೋದಿಲ್ಲ.

ಮೇಷ್ಟ್ರ ಲೆಕ್ಕಕ್ಕೆ ಬರೋಣ. ಸೊಸೈಟಿಯ ಮಾತು ಹತ್ತು ವರ್ಷಕ್ಕೆ ದುಪ್ಪಟ್ಟು, ಅಂದರೆ 10 ಲಕ್ಷ ಹೋಗಿ 20 ಲಕ್ಷ. ಬ್ಯಾಂಕಿನ ಶೇ.7.25ನ್ನು ನಾಲ್ಕರಿಂದ ಭಾಗಿಸಿದರೆ ಶೇ.1.8125. ಹತ್ತು ವರ್ಷದಲ್ಲಿ ನಲವತ್ತು ತ್ರೈಮಾಸಿಕ. 10 ಲಕ್ಷವನ್ನ 1.018125ರಿಂದ ನಲವತ್ತು ಸಲ ಗುಣಿಸಿ. ಬರೋದು 20,51,370. ಮೇಷ್ಟ್ರೆ, ಬೋರ್ಡು ನೋಡಿ ಸೊಸೈಟಿಗೆ ಹೋದರೆ ನೀವು ಬಿಟ್ಟು ಬರೋದು 51,370 ರೂಪಾಯಿ!

ಇಬ್ಬರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದರೆ ಹೀಗೆ. ಬೋರ್ಡಿನ ಅಳತೆಯಲ್ಲಿ ಸೊಸೈಟಿ 10, ಬ್ಯಾಂಕು 10.51. ಬ್ಯಾಂಕಿನ ಅಳತೆಯಲ್ಲಿ ಬ್ಯಾಂಕು 7.25, ಸೊಸೈಟಿ 6.99. ಯಾವ ಕೋಲು ಹಿಡಿದರೂ ಬ್ಯಾಂಕೇ ಮುಂದೆ. ಜೊತೆಗೆ, ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕ್ ಸೇರಿದ ಹಾಗೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸೊಸೈಟಿಗಳಿಗೆ ಆ ವಿಮೆ ಇಲ್ಲ. ಹಾಗಾಗಿ 10 ಲಕ್ಷವನ್ನ ಒಂದೇ ಬ್ಯಾಂಕಿನಲ್ಲಿ ಇಡೋ ಬದಲು ಹಂಚಿ ಇಡೋದು ಜಾಣತನ.

ಅಂಚೆ ಕಚೇರಿಯಲ್ಲೂ ಈ ವ್ಯತ್ಯಾಸ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ. 2023ರ ಏಪ್ರಿಲ್‌ನಲ್ಲಿ ಐದು ವರ್ಷದ ಟೈಮ್ ಡೆಪಾಸಿಟ್‌ಗೆ ಶೇ.7.5, ರಾಷ್ಟ್ರೀಯ ಉಳಿತಾಯ ಪತ್ರಕ್ಕೆ ಶೇ.7.7 ಅಂತ ನಿಗದಿಯಾಯಿತು. ಟೈಮ್ ಡೆಪಾಸಿಟ್‌ನಲ್ಲಿ ಬಡ್ಡಿಯನ್ನ ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಾರೆ, ಆದರೆ ವರ್ಷಕ್ಕೊಮ್ಮೆ ಹೊರಗೆ ಕೊಡುತ್ತಾರೆ. 1 ಲಕ್ಷಕ್ಕೆ ವರ್ಷಕ್ಕೆ ಸುಮಾರು 7,714. ನಿಜವಾದ ದರ ಶೇ.7.71, ಉಳಿತಾಯ ಪತ್ರಕ್ಕಿಂತ ಒಂದು ಕೂದಲೆಳೆ ಮುಂದೆ! ಆದರೆ ಆ ಬಡ್ಡಿಯನ್ನ ನೀವು ತೆಗೆಯದೆ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಇಲ್ಲ. ಐದು ವರ್ಷಕ್ಕೆ ಒಟ್ಟು 38,570 ಅಷ್ಟೇ. ಉಳಿತಾಯ ಪತ್ರದಲ್ಲಿ ಬಡ್ಡಿ ವರ್ಷಕ್ಕೊಮ್ಮೆಯೇ ಸೇರೋದು, ಆದರೆ ಒಳಗೇ ಉಳಿದು ಬೆಳೆಯುತ್ತೆ. ಕೊನೆಗೆ ಸಿಗುವ ಬಡ್ಡಿ 44,903. ಪ್ರತಿ ವರ್ಷ ಬಡ್ಡಿ ಕೈಗೆ ಬೇಕು ಅನ್ನೋರಿಗೆ ಮೊದಲನೆಯದು ಸರಿ. ಬೆಳೆಯಲಿ ಬಿಡು ಅನ್ನೋರಿಗೆ ಎರಡನೆಯದು.

ಬ್ಯಾಂಕಿನಲ್ಲೂ ಇದೇ ಪ್ರಶ್ನೆ. ಫಾರಂ ತುಂಬುವಾಗ ಬಡ್ಡಿ ಖಾತೆಗೆ ಬರಲಿ ಅಂತ ಟಿಕ್ ಹಾಕಿದರೆ, ನೀವು ಆರಿಸಿಕೊಂಡದ್ದು ಸರಳ ಬಡ್ಡಿ. ಶೇ.7ಕ್ಕೆ ಮೂರು ತಿಂಗಳಿಗೊಮ್ಮೆ 1,750 ಬರುತ್ತೆ, ಚಕ್ರ ಅಲ್ಲಿಗೆ ನಿಂತಿತು. ತಿಂಗಳು ತಿಂಗಳು ಬೇಕು ಅಂದರೆ 583 ಬರೋದಿಲ್ಲ, ಸುಮಾರು 580 ಬರುತ್ತೆ. ಮೂರು ತಿಂಗಳಾದ ಮೇಲೆ ಕೊಡಬೇಕಾದ್ದನ್ನ ಮುಂಚೆಯೇ ಕೊಡೋದಕ್ಕೆ ಬ್ಯಾಂಕು ಆ ಮೂರು ರೂಪಾಯಿ ಮುರಿದುಕೊಳ್ಳುತ್ತೆ. ಇನ್ನು ಆರು ತಿಂಗಳಿಗಿಂತ ಕಡಿಮೆ ಅವಧಿಯ ಠೇವಣಿಗೆ ಸಾಮಾನ್ಯವಾಗಿ ಸಿಗೋದು ಸರಳ ಬಡ್ಡಿಯೇ.

ಕೊನೆಯದಾಗಿ ಒಂದು ಮಾತು. ರಸೀದಿಯಲ್ಲಿ ಬರೆದ ಮೆಚ್ಯೂರಿಟಿ ಮೊತ್ತಕ್ಕಿಂತ ಕೈಗೆ ಕಡಿಮೆ ಬಂತು ಅಂತ ಎಷ್ಟೋ ಜನ ಬ್ಯಾಂಕಿನಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಅನೇಕ ಸಲ ಅದಕ್ಕೆ ಕಾರಣ ಟಿಡಿಎಸ್. ಬಡ್ಡಿ ನಿಮ್ಮ ಕೈಗೆ ಬರದೇ ಇದ್ದರೂ, ವರ್ಷ ವರ್ಷ ಅದು ನಿಮ್ಮ ಆದಾಯವೇ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನ ಎಲ್ಲ ಠೇವಣಿ ಸೇರಿ ವರ್ಷದ ಬಡ್ಡಿ 50,000 ದಾಟಿದರೆ, ಹಿರಿಯ ನಾಗರಿಕರಿಗೆ 1 ಲಕ್ಷ ದಾಟಿದರೆ, ಬ್ಯಾಂಕು ಶೇ.10 ಮುರಿದುಕೊಳ್ಳಬೇಕು. ಮೇಷ್ಟ್ರ 10 ಲಕ್ಷ ಒಂದೇ ಕಡೆ ಇದ್ದರೆ ಮೊದಲ ವರ್ಷದ ಬಡ್ಡಿ 74,495, ಮಿತಿಯ ಒಳಗೇ ಇದೆ. ಆದರೆ ಚಕ್ರಬಡ್ಡಿ ಬೆಳೆಯುತ್ತೆ ಅಲ್ಲವಾ? ಆರನೇ ವರ್ಷದ ಬಡ್ಡಿ 1 ಲಕ್ಷ ದಾಟುತ್ತೆ. ಆಗ ಠೇವಣಿಯಿಂದಲೇ ತೆರಿಗೆ ಮುರಿದರೆ, ಆ ಮುರಿದ ಹಣದ ಮೇಲೆ ಮುಂದೆ ಹುಟ್ಟಬೇಕಿದ್ದ ಬಡ್ಡಿಯೂ ಹೋಗುತ್ತೆ. ಎರಡು ಮೂರು ಬ್ಯಾಂಕಿಗೆ ಹಂಚಿದರೆ ಈ ಟಿಡಿಎಸ್ ಕಡಿತ ತಪ್ಪಬಹುದು. ಆದರೆ ಒಟ್ಟು ಆದಾಯ ತೆರಿಗೆಯ ಮಟ್ಟ ಮುಟ್ಟಿದರೆ ತೆರಿಗೆ ತಪ್ಪೋದಿಲ್ಲ.

ಹಾಗಾದರೆ ಕೌಂಟರಿನಲ್ಲಿ ಏನು ಕೇಳಬೇಕು? ‘ಎಷ್ಟು ಪರ್ಸೆಂಟು’ ಅಂತ ಕೇಳಬೇಡಿ. ‘ನನ್ನ 1 ಲಕ್ಷ ಇಷ್ಟು ವರ್ಷದ ಮೇಲೆ ಎಷ್ಟಾಗಿ ಬರುತ್ತೆ? ಬರೆದು ಕೊಡಿ’ ಅಂತ ಕೇಳಿ. ಒಂದೇ ಅವಧಿಯ ಎರಡು ಠೇವಣಿಗಳನ್ನ ಹೋಲಿಸೋಕೆ ಆ ಒಂದು ರೂಪಾಯಿ ಮೊತ್ತ ಸಾಕು. ಅವಧಿ ಬೇರೆ ಬೇರೆ ಇದ್ದರೆ, ‘ಒಂದು ವರ್ಷದ ಕೊನೆಗೆ ಎಷ್ಟಾಗಿರುತ್ತೆ?’ ಅಂತ ಕೇಳಿ. ಪರ್ಸೆಂಟನ್ನ ನಾಲ್ಕು ಥರ ಬರೆಯಬಹುದು ಸ್ವಾಮಿ, ರೂಪಾಯಿಯನ್ನ ಒಂದೇ ಥರ ಬರೆಯೋಕೆ ಆಗೋದು.

ಮೇಷ್ಟ್ರೆ, ನಿಮ್ಮ ಮೊಮ್ಮಗಳಿಗೂ ಈ ಲೆಕ್ಕ ಒಂದು ಸಲ ಮಾಡಿಸಿ. ದುಡ್ಡು ಅವಳದ್ದೇ ತಾನೆ.