ಫೋಟೋ ನಮ್ಮದಾದರೂ ಮುಖ ಅವರದು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಸಮಾರಂಭಕ್ಕೆಂದು ಹಲವರು ಹಳೆಯ ಗ್ರೂಪ್ ಫೋಟೋಗಳನ್ನು ಹುಡುಕಿ ತಂದಿದ್ದೀರಿ. ಅವನ್ನು ಮೊಬೈಲಿನ ಎಐ ಆ್ಯಪ್‌ಗೆ ಕೊಟ್ಟು ಹೊಸ ಚಿತ್ರ ಮಾಡಿಸೋಣ ಎಂಬ ಮಾತೂ ಕೇಳಿಬರುತ್ತಿದೆ. ನಾನು ಫೋಟೋ, ಡಿಸೈನ್ ಕೆಲಸದವನು. ಹಾಗಾಗಿ ಆ ಬಗ್ಗೆಯೇ ಎರಡು ಮಾತು ಹೇಳುತ್ತೇನೆ.

ಮೂರನೇ ಸಾಲಿನಲ್ಲಿ ನಿಂತ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಫೋಟೋದಲ್ಲಿ ಅವಳ ಮುಖ ಕಡಲೆಕಾಳಿನಷ್ಟಿದೆ, ಬಾಯಿ ಮುಚ್ಚಿದೆ. ‘ಇವಳು ರೇಷ್ಮೆ ಸೀರೆಯುಟ್ಟು ನಗುವ ಹಾಗೆ ಮಾಡು’ ಎಂದು ಎಐಗೆ ಹೇಳುತ್ತೇವೆ. ಅದು ಕಣ್ಣು, ಮೂಗು, ಗಲ್ಲದ ಆಕಾರವನ್ನು ಫೋಟೋದಿಂದ ತೆಗೆದುಕೊಳ್ಳುತ್ತದೆ. ಕಾಣದ ಹಲ್ಲು, ನಗು, ಮೈಕಟ್ಟನ್ನು ಊಹಿಸಿ ತುಂಬುತ್ತದೆ. ಕೆನ್ನೆಯ ಮಚ್ಚೆ ಮಾಯವಾಗಬಹುದು, ಮೈಬಣ್ಣ ತಿಳಿಯಾಗಬಹುದು. ಆದರೂ ನೋಡಿದವರು ಅದನ್ನು ಅವಳೆಂದೇ ನಂಬುತ್ತಾರೆ. ಆ ಅಕ್ಕ ಈಗ ಅದನ್ನು ನೋಡಿದರೆ, ‘ನನ್ನ ಬಣ್ಣ ಇವರಿಗೆ ಸಾಲಲಿಲ್ಲವೇ’ ಎಂದು ನೊಂದುಕೊಳ್ಳಬಹುದು. ಅಂದು ಅವರು ಒಪ್ಪಿ ನಿಂತದ್ದು ತರಗತಿಯ ಫೋಟೋಗೆ ಮಾತ್ರ.

2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೋಗೆ ಜೋಡಿಸಿ ಹರಿಬಿಟ್ಟಿದ್ದರು. ಅಲ್ಲಿ ಅನ್ಯಾಯವಾದದ್ದು ಇಬ್ಬರಿಗೆ. ಒಬ್ಬರ ಮುಖವನ್ನೂ ಇನ್ನೊಬ್ಬರ ದೇಹವನ್ನೂ ಕೇಳದೆ ಬಳಸಿಕೊಂಡಿದ್ದರು. ನಟಿಯಾದ್ದರಿಂದ ಅವರ ಮಾತು ದೇಶಕ್ಕೆಲ್ಲ ಕೇಳಿಸಿತು. ನಮ್ಮೂರಿನ ಹೆಣ್ಣುಮಗಳು ‘ಅದು ನಾನಲ್ಲ’ ಎಂದರೆ ಎಷ್ಟು ಜನರಿಗೆ ಕೇಳಿಸೀತು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಾಗಿರಬೇಕು, ಕೊಟ್ಟವರು ಅದನ್ನು ಹಿಂಪಡೆಯಲೂ ಬಹುದು. 18 ವರ್ಷದೊಳಗಿನವರಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಆದರೆ ಮನೆಮಟ್ಟಿನ ಸ್ವಂತ ಬಳಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ಕೇಳುವ ಹೊಣೆ ನಮ್ಮದೇ.

ಕೇಳುವುದು ಆ್ಯಪ್‌ಗೆ ಹಾಕುವ ಮೊದಲೇ ಆಗಬೇಕು. ಹಾಕಿದೊಡನೆ ಫೋಟೋದ ಪ್ರತಿ ಸಾಮಾನ್ಯವಾಗಿ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ನಮ್ಮ ಮೊಬೈಲಿನಲ್ಲಿ ಅಳಿಸಿದರೆ ಅಲ್ಲಿ ಅಳಿಯುವುದಿಲ್ಲ. ‘ನಿಮ್ಮ ಫೋಟೋ ಬಳಸಲೇ’ ಎಂದಷ್ಟೇ ಕೇಳಿದರೆ ಸಾಲದು. ಯಾವ ಫೋಟೋ, ಎಂಥ ಚಿತ್ರ, ಅದು ಸಂಚಿಕೆಯಲ್ಲಿ ಬರುವುದೋ ವಾಟ್ಸ್ಆ್ಯಪ್ ಗುಂಪಿಗೆ ಹೋಗುವುದೋ, ಎಲ್ಲವನ್ನೂ ಹೇಳಬೇಕು. ಆದ ಚಿತ್ರವನ್ನು ಮೊದಲು ಅವರಿಗೇ ತೋರಿಸಿ, ಬೇಡವೆಂದರೆ ಕಾರಣ ಕೇಳದೆ ಬಿಡಬೇಕು. ತೀರಿಹೋದ ಗುರುಗಳದ್ದಾದರೆ ಅವರ ಮನೆಯವರನ್ನು ಕೇಳಬೇಕು. ಗ್ರೂಪ್ ಫೋಟೋದಲ್ಲಿ ಒಬ್ಬರು ಮಾತ್ರ ಒಪ್ಪಿದ್ದರೆ, ಉಳಿದವರ ಮುಖಗಳನ್ನು ಕತ್ತರಿಸಿ ಆ ಒಬ್ಬರದನ್ನಷ್ಟೇ ಕೊಡಬೇಕು. ಚಿತ್ರದ ಕೆಳಗೆ ‘ಎಐನಿಂದ ಮಾಡಿದ್ದು’ ಎಂದು ಬರೆಯಬೇಕು.

ಯಾರ ಒಪ್ಪಿಗೆಯೂ ಸಿಗದಿದ್ದರೆ ಮಾಸಿದ ಆ ಕಪ್ಪುಬಿಳುಪು ಫೋಟೋವನ್ನೇ ಅಚ್ಚು ಹಾಕೋಣ. ಅದರಲ್ಲಿರುವವರು ಅಂದು ನಿಜವಾಗಿ ಹೇಗಿದ್ದರೋ ಹಾಗೇ ಇದ್ದಾರೆ.