‘ಬಾಕಿ ಚುಕ್ತಾ’ ಎಂದು ಬರೆದುಕೊಡುವ ಮುನ್ನ

ಹಂದನಕೆರೆ ಕಡೆಯ ರೈತರೊಬ್ಬರು ವರ್ತಕರಿಗೆ ಉಂಡೆ ಕೊಬ್ಬರಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಬರಬೇಕಾದ ಬಾಕಿ 1,80,000 ರೂಪಾಯಿ. ಕೆಟ್ಟ ಕೊಬ್ಬರಿ ಸೇರಿತ್ತು ಎಂದು ತಕರಾರು ತೆಗೆದ ವರ್ತಕರು 1,50,000 ರೂಪಾಯಿಯ ಚೆಕ್ ಕಳಿಸುತ್ತಾರೆ. ಜೊತೆಗೊಂದು ಪತ್ರ: ‘ಇದು ಪೂರಾ ಚುಕ್ತಾ. ಒಪ್ಪಿಗೆಯಿಲ್ಲದಿದ್ದರೆ ಚೆಕ್ ವಾಪಸ್ ಕಳಿಸಿ.’

ಬಂದಷ್ಟು ಬರಲಿ, ಉಳಿದದ್ದನ್ನು ಆಮೇಲೆ ಕೇಳೋಣ ಎಂದು ರೈತರು ಚೆಕ್ಕನ್ನು ಬ್ಯಾಂಕಿಗೆ ಹಾಕುತ್ತಾರೆ. ಎಡವುವುದು ಇಲ್ಲೇ. ರೈಲ್ವೆ ಇಂಥದೇ ಪತ್ರದೊಡನೆ ಚೆಕ್ ಕಳಿಸಿದ್ದ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಕ್ಷೇಪಣೆ ಇದ್ದರೆ ಚೆಕ್ ನಗದಾಗುವ ಮೊದಲೇ ಹೇಳಬೇಕು. ನಗದು ಮಾಡಿಕೊಂಡ ಮೇಲೆ ಹೇಳಿದರೆ ಒಪ್ಪಿದಂತೆಯೇ. ಕಡಿಮೆ ಹಣಕ್ಕೆ ಸಾಲ ತೀರಿತು ಎನ್ನುವುದು ಊರ್ಜಿತವಾದೀತೇ? ಆಗುತ್ತದೆ. 1872ರ ಕರಾರು ಕಾಯ್ದೆಯ 63ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ.

ಒಪ್ಪುವುದೇ ಆದರೆ ಬರವಣಿಗೆಯಲ್ಲಿ ಒಪ್ಪಿ, ಇದ್ದದ್ದು ಇದ್ದ ಹಾಗೆ ಒಪ್ಪಿ. ‘ಒಪ್ಪಿದ್ದೇನೆ, ಬಡ್ಡಿಯ ಮಾತು ಆಮೇಲೆ’ ಎಂದರೆ ಅದು ಒಪ್ಪಿಗೆಯಲ್ಲ, ಹೊಸ ಬೇಡಿಕೆ. ಪತ್ರ ಹೀಗಿರಲಿ: ‘ಇಂಥ ತಾರೀಖಿನ ಇಂಥ ನಂಬರಿನ ಬಿಲ್ಲಿನ ಕೊಬ್ಬರಿ ಬಾಕಿಗೆ ನೀವು ಕೊಡುವ 1,50,000 ರೂಪಾಯಿಗೆ ಒಪ್ಪಿದ್ದೇನೆ. ಚೆಕ್ಕಿನ ಹಣ ನನ್ನ ಖಾತೆಗೆ ಜಮೆಯಾದ ದಿನದಿಂದ, ಈ ಬಿಲ್ಲಿನ ಅಸಲು, ಬಡ್ಡಿ, ಖರ್ಚಿನ ಬಗ್ಗೆ ನನಗೆ ನಿಮ್ಮ ಮೇಲೆ, ಮಾಲಿನ ಗುಣಮಟ್ಟದ ಬಗ್ಗೆ ನಿಮಗೆ ನನ್ನ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ.’

‘ಜಮೆಯಾದ ದಿನದಿಂದ’ ಎನ್ನುವ ಮಾತನ್ನು ಬಿಡಬೇಡಿ. ಅದಿಲ್ಲದೆ ಹಕ್ಕು ಬಿಟ್ಟುಕೊಟ್ಟು, ಚೆಕ್ ವಾಪಸಾದರೆ, ವಿನಾಯಿತಿ ಕೊಟ್ಟ 30,000 ರೂಪಾಯಿ ಕೇಳುವುದಕ್ಕೂ ವಾದ ಹೂಡಬೇಕಾದೀತು. ಗುಣಮಟ್ಟದ ಮಾತೂ ಅಷ್ಟೇ ಮುಖ್ಯ: ಅದಿಲ್ಲದಿದ್ದರೆ ನಾಳೆ ವರ್ತಕರೇ ಕೆಟ್ಟ ಮಾಲಿನ ನಷ್ಟ ಕಟ್ಟಿಕೊಡಿ ಎಂದು ನೋಟಿಸು ಕಳಿಸಬಹುದು. ಇನ್ನು ಬರಿ ‘ಹಣ ಮುಟ್ಟಿತು’ ಎಂದು ಬರೆದರೆ ಅದು ರಸೀದಿ, ವ್ಯಾಜ್ಯ ಹಾಗೇ ಉಳಿಯುತ್ತದೆ. ‘ನಮ್ಮಿಬ್ಬರ ಎಲ್ಲ ವ್ಯವಹಾರ ಚುಕ್ತಾ’ ಎಂದರೆ, ಮೊನ್ನೆ ತಾನೇ ಹಾಕಿದ ಇನ್ನೊಂದು ಲೋಡಿನ ಹಣವೂ ಅದರಲ್ಲೇ ಮುಳುಗೀತು. ಆದ್ದರಿಂದ ಬಿಲ್ಲಿನ ನಂಬರು ಬೇಕು. ಎರಡು ಪ್ರತಿ ಮಾಡಿ, ಎರಡಕ್ಕೂ ಇಬ್ಬರೂ ರುಜು ಹಾಕಿ, ಒಂದೊಂದು ಇಟ್ಟುಕೊಳ್ಳಿ.

ಮೊಕದ್ದಮೆ ಆಗಲೇ ಕೋರ್ಟಿನಲ್ಲಿದ್ದರೆ ಈ ಕಾಗದ ಮನೆಯ ಪೆಟ್ಟಿಗೆಯಲ್ಲಿ ಉಳಿಯಬಾರದು. ಅಲ್ಲಿಗೇ ರಾಜಿ ಅರ್ಜಿ ಕೊಡಿ. ಲೋಕ ಅದಾಲತ್ತಿನಲ್ಲಿ ಮುಗಿಸಿಕೊಂಡರೆ ಅದರ ತೀರ್ಮಾನ ಡಿಕ್ರಿಯಷ್ಟೇ ಗಟ್ಟಿ, ಮೇಲ್ಮನವಿಯೂ ಇಲ್ಲ. ಕಟ್ಟಿದ ಕೋರ್ಟ್ ಶುಲ್ಕವೂ ಮರಳುತ್ತದೆ.

ಕೊನೆಗೆ, ವರ್ತಕರು ಹಿಂದೆ ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕೋ ಪ್ರಾಮಿಸರಿ ನೋಟೋ ನಿಮ್ಮಲ್ಲಿದ್ದರೆ, ಹಣ ಜಮೆಯಾದ ದಿನವೇ ಹಿಂದಿರುಗಿಸಿ, ಮುಟ್ಟಿತೆಂದು ಅವರಿಂದ ಬರೆಸಿಕೊಳ್ಳಿ.