ಮ್ಯಾಪ್ ಇಲ್ಲ, ಜಿಪಿಎಸ್ ಇಲ್ಲ: ವಲಸೆ ಹಕ್ಕಿಗೆ ದಾರಿ ಗೊತ್ತಾಗೋದು ಹೇಗೆ?



ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದವರು ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿರುತ್ತೀರಿ. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು ಇವು. ಇವಕ್ಕೆ ದಾರಿ ಹೇಗೆ ಗೊತ್ತು ಅಂತ ಕೇಳಿದರೆ ಉತ್ತರದ ಒಂದು ಭಾಗ ಸುಲಭ. ಹೆಬ್ಬಾತುಗಳು ಸಂಸಾರ ಸಮೇತ ಬರುತ್ತವೆ. ಆ ವರ್ಷ ಹುಟ್ಟಿದ ಮರಿಗಳು ಅಪ್ಪ ಅಮ್ಮನ ಹಿಂದೆ ಹಾರಿ ದಾರಿ ಕಲಿಯುತ್ತವೆ. ನಾವು ಚಿಕ್ಕವರಿದ್ದಾಗ ಅಜ್ಜಿ ಊರಿನ ದಾರಿ ಕಲಿತ ಹಾಗೇ.

ಆದರೆ ಕುಕ್ಕೂ ಅನ್ನುವ ಕೋಗಿಲೆ ಜಾತಿಯ ಹಕ್ಕಿಯ ವಿಷಯಕ್ಕೆ ಬಂದರೆ ಈ ಉತ್ತರ ನಡೆಯೋದಿಲ್ಲ. ನಮ್ಮ ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತದಲ್ವಾ, ಕುಕ್ಕೂ ಕೂಡ ಬೇರೆ ಪುಟ್ಟ ಹಕ್ಕಿಗಳ ಗೂಡಲ್ಲಿ ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಮರಿ ತನ್ನ ಹೆತ್ತವರ ಮುಖ ನೋಡಿರೋದಿಲ್ಲ. ಸಾಕಿದವರ ದಾರಿ ಬೇರೆ, ಇದರ ದಾರಿ ಬೇರೆ. 2019ರಲ್ಲಿ ಮಂಗೋಲಿಯಾದಲ್ಲಿ ಓನಾನ್ ಅನ್ನುವ ಒಂದು ಗಂಡು ಕುಕ್ಕೂಗೆ ಸ್ಯಾಟಲೈಟ್ ಟ್ಯಾಗ್ ಹಾಕಿದರು. ಅದು ಭಾರತ ದಾಟಿ, ಅರಬ್ಬಿ ಸಮುದ್ರ ದಾಟಿ, ಆಫ್ರಿಕಾದ ಜಾಂಬಿಯಾಕ್ಕೆ ಹೋಗಿ, 2020ರ ಮೇ ತಿಂಗಳಲ್ಲಿ ಮಂಗೋಲಿಯಾಕ್ಕೇ ವಾಪಸ್ ಬಂತು. ಬರುವ ದಾರಿಯೊಂದೇ ಸುಮಾರು 12,000 ಕಿ.ಮೀ. ಇಂಥ ಹಕ್ಕಿ ಜೀವನದಲ್ಲಿ ಮೊದಲ ಸಲ ಹೊರಟಾಗ ದಾರಿ ತೋರಿಸಲು ಯಾರೂ ಇರೋದಿಲ್ಲ.

ಹಾಗಾದರೆ ಹುಟ್ಟುವಾಗಲೇ ತಲೆಯಲ್ಲಿ ಮ್ಯಾಪ್ ಇರುತ್ತದಾ? ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು, ಯಾಕಂದ್ರೆ ಇದರಲ್ಲಿ ದೊಡ್ಡ ಯಂತ್ರ ಏನೂ ಇಲ್ಲ. ಒಂದು ಬಲೆ, ಕಾಲಿಗೆ ಹಾಕುವ ಉಂಗುರಗಳು, ಒಂದು ವಿಮಾನ. ಅಷ್ಟೇ.

ಸ್ಟಾರ್ಲಿಂಗ್ ಅಂತ ಒಂದು ಹಕ್ಕಿ. ಚಳಿಗಾಲದಲ್ಲಿ ನಮ್ಮ ಜೋಳದ ಹೊಲಗಳಿಗೆ ಹಿಂಡು ಹಿಂಡಾಗಿ ಇಳಿಯುವ ಗುಲಾಬಿ ಕಬ್ಬಕ್ಕಿಯ ಸಂಬಂಧಿ. ಬಾಲ್ಟಿಕ್ ಸಮುದ್ರದ ಸುತ್ತಮುತ್ತ ಹುಟ್ಟುವ ಈ ಹಕ್ಕಿಗಳು ಚಳಿ ಶುರುವಾಗುವ ಮುಂಚೆ ನೈಋತ್ಯ ದಿಕ್ಕಿಗೆ ಹೊರಟು, ನೆದರ್ಲೆಂಡ್ಸ್ ಮೇಲೆ ಹಾದು, ಉತ್ತರ ಫ್ರಾನ್ಸ್, ದಕ್ಷಿಣ ಇಂಗ್ಲೆಂಡ್ ಕಡೆ ಸೇರುತ್ತವೆ. ಪರ್ಡೆಕ್ ಅನ್ನುವ ಡಚ್ ವಿಜ್ಞಾನಿ ಮತ್ತು ಅವರ ತಂಡ ಅರ್ಧ ದಾರಿಯಲ್ಲೇ, ಹೇಗ್ ನಗರದ ಹತ್ತಿರ, ಈ ಹಕ್ಕಿಗಳನ್ನು ಬಲೆಗೆ ಹಾಕಿದರು. ಹತ್ತಿಪ್ಪತ್ತಲ್ಲ, ಸುಮಾರು 11,000. ಕಾಲಿಗೆ ನಂಬರಿನ ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಕೊಂಡೊಯ್ದು ಬಿಟ್ಟರು. ಅಂದರೆ ಇದ್ದ ಜಾಗದಿಂದ ಆಗ್ನೇಯಕ್ಕೆ ಸುಮಾರು 600 ಕಿ.ಮೀ. ಪಕ್ಕಕ್ಕೆ.

ಇಲ್ಲಿಂದ ಮುಂದೆ ಕಾಯೋದೇ ಕೆಲಸ. ಯಾರಿಗಾದರೂ ಉಂಗುರ ಇರುವ ಹಕ್ಕಿ ಸಿಕ್ಕರೆ ಅವರು ತಿಳಿಸಬೇಕು. ಸಿಕ್ಕಿದ್ದು 354. ಆ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿ ನೋಡಿದರೆ ಹಕ್ಕಿಗಳು ಎರಡು ಪಾಲಾಗಿದ್ದವು. ಹಿಂದೆ ಒಮ್ಮೆಯಾದರೂ ವಲಸೆ ಹೋಗಿ ಬಂದಿದ್ದ ದೊಡ್ಡ ಹಕ್ಕಿಗಳು ಸ್ವಿಟ್ಜರ್ಲೆಂಡಿನಿಂದ ವಾಯವ್ಯಕ್ಕೆ ತಿರುಗಿದ್ದವು. ಆ ದಿಕ್ಕಿಗೆ ಅವು ಜನ್ಮದಲ್ಲಿ ಹಾರಿರಲಿಲ್ಲ, ಆದರೂ ತಮ್ಮ ಹಳೆಯ ಜಾಗದ ಕಡೆಗೇ ಹೊರಟವು. ಆ ವರ್ಷ ಹುಟ್ಟಿದ ಮರಿಗಳು ಹಾಗೆ ಮಾಡಲಿಲ್ಲ. ಏನೂ ಆಗೇ ಇಲ್ಲ ಅನ್ನೋ ಹಾಗೆ ನೈಋತ್ಯ ಹಿಡಿದು ಹೊರಟು, ದಕ್ಷಿಣ ಫ್ರಾನ್ಸ್, ಸ್ಪೇನ್ ಕಡೆ ಹೋಗಿ ಇಳಿದವು.

ಇದನ್ನು ಹೀಗೆ ಯೋಚಿಸಿ. ನಿಮಗೆ ಹುಬ್ಬಳ್ಳಿಯಲ್ಲಿ ಯಾರೋ ‘ಆಗ್ನೇಯಕ್ಕೆ 400 ಕಿಲೋಮೀಟರ್ ಹೋಗು, ಬೆಂಗಳೂರು ಸಿಗುತ್ತೆ’ ಅಂತ ಹೇಳಿದ್ದಾರೆ. ನಿದ್ದೆಯಲ್ಲಿದ್ದ ನಿಮ್ಮನ್ನು ಎತ್ತಿಕೊಂಡು ಹೋಗಿ ಹೈದರಾಬಾದಿನಲ್ಲಿ ಬಿಟ್ಟರೆ? ಎದ್ದು ಆಗ್ನೇಯಕ್ಕೇ ನಡೆದರೆ ಸಮುದ್ರ ಸಿಗುತ್ತದೆ, ಬೆಂಗಳೂರಲ್ಲ. ಮರಿಗಳ ಹತ್ತಿರ ಇರೋದು ಇಂಥ ಒಂದು ಸೂಚನೆ: ಯಾವ ದಿಕ್ಕು, ಎಷ್ಟು ದಿನ. ಅದು ಹುಟ್ಟಿನಿಂದ ಬಂದದ್ದು. ‘ನಾನೀಗ ಎಲ್ಲಿದ್ದೀನಿ’ ಅನ್ನುವ ತಿಳಿವಳಿಕೆ ಮಾತ್ರ ಒಂದು ಸಲ ಹೋಗಿ ಬಂದ ಮೇಲೆ ಬರುತ್ತದೆ. ಇನ್ನೊಂದು ವಿಷಯ. ಸ್ಪೇನಿಗೆ ತಪ್ಪಿ ಹೋದ ಮರಿಗಳಲ್ಲಿ ಬದುಕುಳಿದವು ಮುಂದಿನ ಚಳಿಗಾಲದಲ್ಲೂ ಆ ತಪ್ಪು ಜಾಗಕ್ಕೇ ಹೋದವು. ಅವಕ್ಕೆ ಅದೇ ಮನೆಯಾಗಿತ್ತು.

ಸರಿ, ದಿಕ್ಕು ಗೊತ್ತು ಅಂತಾಯಿತು. ಆದರೆ ನೈಋತ್ಯ ಎಲ್ಲಿದೆ ಅಂತ ಹೇಳೋರು ಯಾರು? ಹಗಲು ಸೂರ್ಯ ಇದ್ದಾನೆ. ರಾತ್ರಿ ಹಾರುವ ಹಕ್ಕಿಗಳು ನಕ್ಷತ್ರ ನೋಡುತ್ತವೆ, ಆಕಾಶ ಯಾವ ಬಿಂದುವಿನ ಸುತ್ತ ತಿರುಗುತ್ತದೆ ಅನ್ನೋದನ್ನು ಮರಿಯಾಗಿದ್ದಾಗಲೇ ನೋಡಿ ಕಲಿಯುತ್ತವೆ. ಮೂರನೆಯದು ಭೂಮಿಯ ಕಾಂತಕ್ಷೇತ್ರ. 1960ರ ದಶಕದಲ್ಲಿ ಫ್ರಾಂಕ್‌ಫರ್ಟಿನ ವೋಲ್ಫ್‌ಗ್ಯಾಂಗ್ ವಿಲ್ಚ್‌ಕೊ, ಯುರೋಪಿನ ರಾಬಿನ್ ಹಕ್ಕಿ ಕಾಂತಕ್ಷೇತ್ರ ಹಿಡಿದು ದಿಕ್ಕು ಕಂಡುಕೊಳ್ಳುತ್ತದೆ ಅಂತ ತೋರಿಸಿದರು. ತುಂಬಾ ಜನ ನಂಬಲಿಲ್ಲ. ನಂಬೋದು ಕಷ್ಟವೇ, ಆ ಶಕ್ತಿ ಅಷ್ಟು ದುರ್ಬಲ. ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಅದಕ್ಕಿಂತ ಎಷ್ಟೋ ಪಟ್ಟು ಜೋರು.

ಹಕ್ಕಿ ಯಾವ ಕಡೆ ಹೋಗಬೇಕು ಅಂತಿದೆ ಅನ್ನೋದನ್ನು ಅಳೆಯೋದು ಹೇಗೆ ಗೊತ್ತಾ? ವಲಸೆಯ ಕಾಲ ಬಂದರೆ ಪಂಜರದಲ್ಲಿರುವ ಹಕ್ಕಿ ಕೂಡ ರಾತ್ರಿ ಚಡಪಡಿಸುತ್ತದೆ, ಹೋಗಬೇಕಾದ ದಿಕ್ಕಿಗೇ ಮತ್ತೆ ಮತ್ತೆ ಹಾರಲು ನೋಡುತ್ತದೆ. ಅದನ್ನು ಆಲಿಕೆ ಆಕಾರದ ಪಂಜರದಲ್ಲಿ ಬಿಟ್ಟು, ಇಳಿಜಾರಿಗೆ ಬಸ್ ಟಿಕೆಟ್ ಪ್ರಿಂಟ್ ಆಗುತ್ತಲ್ಲ, ಆ ಥರದ ಕಾಗದ ಸುತ್ತುತ್ತಾರೆ. ಉಗುರು ತಾಗಿದಲ್ಲಿ ಗೀರು ಮೂಡುತ್ತದೆ. ಬೆಳಿಗ್ಗೆ ಕಾಗದ ಬಿಚ್ಚಿ, ಗೀರು ಯಾವ ಕಡೆ ಹೆಚ್ಚಿದೆ ಅಂತ ನೋಡಿದರೆ ಹಕ್ಕಿಯ ಮನಸ್ಸು ಗೊತ್ತಾಯಿತು.

ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಹೆನ್ರಿಕ್ ಮೌರಿಟ್ಸನ್ ಅವರ ತಂಡ ಇದನ್ನೇ ಮಾಡಲು ಹೋಗಿ ಪೇಚಿಗೆ ಸಿಕ್ಕಿತು. ಕ್ಯಾಂಪಸ್ಸಿನ ಮರದ ಗುಡಿಸಲುಗಳಲ್ಲಿ ರಾಬಿನ್‌ಗಳನ್ನು ಇಟ್ಟರು. ಆಕಾಶ ಕಾಣೋದಿಲ್ಲ, ಕಾಂತಕ್ಷೇತ್ರ ಒಂದೇ ಗತಿ. ಬೇರೆ ಕಡೆ ಸರಿಯಾಗಿ ಕೆಲಸ ಮಾಡಿದ ಪ್ರಯೋಗ ಇಲ್ಲಿ ಎಷ್ಟು ಸಲ ಮಾಡಿದರೂ ಗೀರುಗಳು ಸುತ್ತಲೂ ಚೆಲ್ಲಾಪಿಲ್ಲಿ. ಕೊನೆಗೆ ಗುಡಿಸಲುಗಳ ಗೋಡೆ, ಮಾಡಿಗೆಲ್ಲ ಅಲ್ಯೂಮಿನಿಯಂ ಹಾಳೆ ಹೊಡೆದು ಅರ್ಥಿಂಗ್ ಕೊಟ್ಟರು. ಭೂಮಿಯ ಕಾಂತಕ್ಷೇತ್ರಕ್ಕೆ ಅಲ್ಯೂಮಿನಿಯಂ ಅಡ್ಡಿ ಮಾಡೋದಿಲ್ಲ, ರೇಡಿಯೋ ತರಂಗ ಮಾತ್ರ ಒಳಗೆ ಬಾರದ ಹಾಗಾಗುತ್ತದೆ. ಹಕ್ಕಿಗಳು ಸರಿಯಾದ ದಿಕ್ಕಿಗೆ ಹಾರಲು ಶುರು ಮಾಡಿದವು.

ಇಷ್ಟಕ್ಕೇ ಅವರು ಖುಷಿಪಟ್ಟು ಬಿಡಲಿಲ್ಲ. ಅರ್ಥಿಂಗ್ ವೈರ್ ತೆಗೆದರು, ಹಕ್ಕಿಗೆ ಮತ್ತೆ ಗೊಂದಲ. ಜೋಡಿಸಿದರು, ಸರಿಹೋಯಿತು. ಹಾಳೆಯ ಒಳಗೇ ಬೇಕಂತ ರೇಡಿಯೋ ಗದ್ದಲ ಹುಟ್ಟಿಸಿದರು, ಮತ್ತೆ ಗೊಂದಲ. ಊರ ಹೊರಗೆ ಹಳ್ಳಿಯಲ್ಲಿ ಹಾಳೆಯೇ ಇಲ್ಲದೆ ನೋಡಿದರು, ಅಲ್ಲಿ ಹಕ್ಕಿ ಸರಿಯಾಗಿತ್ತು. ಗೀರು ಎಣಿಸುವವರಿಗೆ ಯಾವ ಕಾಗದ ಯಾವ ಗುಡಿಸಲಿನದು ಅಂತ ಹೇಳಿರಲಿಲ್ಲ. ವರ್ಷಗಟ್ಟಲೆ ಹೀಗೆ ಮಾಡಿ 2014ರಲ್ಲಿ ಪ್ರಕಟಿಸಿದರು.

ಈಗ ನಿಮ್ಮ ಮನಸ್ಸಲ್ಲಿ ‘2.0’ ಸಿನಿಮಾ ಬಂದಿರುತ್ತೆ. ಮೊಬೈಲೇ ಕಾರಣ ಅಲ್ವಾ ಅಂತ. ಅಲ್ಲ. ಈ ಗದ್ದಲ ಇದ್ದದ್ದು 5 ಮೆಗಾಹರ್ಟ್ಸ್‌ಗಿಂತ ಕೆಳಗೆ. ಹಳೆಯ ಮೀಡಿಯಂ ವೇವ್ ರೇಡಿಯೋ ಇರುವ ಜಾಗ ಅದು, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೂಡ ಅದರೊಳಗೇ ಬರುತ್ತದೆ. ನಾವು ದಿನಾ ಬಳಸುವ ಎಲೆಕ್ಟ್ರಾನಿಕ್ ಉಪಕರಣಗಳಿಂದಲೂ ಅಲ್ಲಿ ಗದ್ದಲ ಹುಟ್ಟುತ್ತದೆ. ಅದೇ ತಂಡ ಆಮೇಲೆ ಬ್ಲ್ಯಾಕ್‌ಕ್ಯಾಪ್ ಹಕ್ಕಿಗಳ ಮೇಲೆ ಪ್ರಯತ್ನಿಸಿದಾಗ 75ರಿಂದ 85 ಮೆಗಾಹರ್ಟ್ಸ್ ತರಂಗಕ್ಕೆ ದಿಕ್ಕು ತಪ್ಪಿತು, 140 ದಾಟಿದ ಮೇಲೆ ತಪ್ಪಲಿಲ್ಲ. ನಮ್ಮ 4ಜಿ, 5ಜಿ ಎಲ್ಲ ನೂರಾರು, ಸಾವಿರಾರು ಮೆಗಾಹರ್ಟ್ಸ್‌ನಲ್ಲಿ ಇರುವಂಥವು. ಜೊತೆಗೆ, ಬಯಲಲ್ಲಿ ಹಾರುವ ಹಕ್ಕಿಗೆ ಸೂರ್ಯ, ನಕ್ಷತ್ರ ಇದ್ದೇ ಇವೆ. ಕಾಂತದ ದಿಕ್ಸೂಚಿ ಕೆಟ್ಟ ಮಾತ್ರಕ್ಕೆ ಅದು ಸಾಯೋದಿಲ್ಲ.

ಎಲ್ಲಿ ಮಿತಿ ಬೀಳುತ್ತದೆ ಅನ್ನೋದರಲ್ಲೇ ಒಂದು ಸುಳಿವೂ ಇದೆ. ಹಕ್ಕಿಯ ಕಣ್ಣಿನ ಪರದೆಯಲ್ಲಿ ಕ್ರಿಪ್ಟೋಕ್ರೋಮ್ ಅನ್ನುವ ಪ್ರೋಟೀನ್ ಇದೆ. ಅದಕ್ಕೆ ಬೆಳಕು ಬಿದ್ದಾಗ ನಡೆಯುವ ರಾಸಾಯನಿಕ ಕ್ರಿಯೆ ಕಾಂತಕ್ಷೇತ್ರಕ್ಕೆ ತಕ್ಕಂತೆ ಬದಲಾಗುತ್ತದೆ ಅನ್ನೋದು ವಾದ. ಹಾಗಿದ್ದರೆ ಸುಮಾರು ನೂರು ಮೆಗಾಹರ್ಟ್ಸ್ ದಾಟಿದ ಮೇಲೆ ರೇಡಿಯೋ ತರಂಗದ ಆಟ ನಡೆಯಬಾರದು ಅಂತ ಲೆಕ್ಕ ಹೇಳಿತ್ತು, ಹಕ್ಕಿಗಳೂ ಹಾಗೇ ನಡೆದುಕೊಂಡವು. ರಾಬಿನ್‌ನ ಆ ಪ್ರೋಟೀನ್ ಲ್ಯಾಬಿನಲ್ಲಿ ಕಾಂತಕ್ಕೆ ಸ್ಪಂದಿಸುತ್ತದೆ ಅಂತ 2021ರಲ್ಲಿ ತೋರಿಸಿಯೂ ಆಗಿದೆ. ಜೀವಂತ ಹಕ್ಕಿಯ ಕಣ್ಣೊಳಗೆ ಅದೇ ನಡೆಯುತ್ತಿದೆ ಅನ್ನೋದಕ್ಕೆ ನೇರ ಸಾಕ್ಷಿ ಮಾತ್ರ ಇನ್ನೂ ಬೇಕು.

ಇದೆಲ್ಲ ದಿಕ್ಸೂಚಿಯ ಕಥೆಯಾಯಿತು. ಸ್ವಿಟ್ಜರ್ಲೆಂಡಿನಿಂದ ವಾಯವ್ಯಕ್ಕೆ ತಿರುಗಿದ ದೊಡ್ಡ ಸ್ಟಾರ್ಲಿಂಗ್‌ಗಳ ಕಥೆ ಹಾಗೇ ಉಳಿಯಿತು. ತಾವು ಪಕ್ಕಕ್ಕೆ ಬಂದಿದ್ದೇವೆ ಅಂತ ಅವಕ್ಕೆ ಹೇಗೆ ಗೊತ್ತಾಯಿತು?

ದಿಕ್ಸೂಚಿ ತೋರಿಸುವ ಉತ್ತರ, ನಕ್ಷತ್ರ ತೋರಿಸುವ ಉತ್ತರ, ಎರಡೂ ಸರಿಯಾಗಿ ಒಂದೇ ಅಲ್ಲ. ಸ್ವಲ್ಪ ಕೋನದ ವ್ಯತ್ಯಾಸ ಇರುತ್ತದೆ, ಯುರೋಪಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದ ಹಾಗೆ ಆ ವ್ಯತ್ಯಾಸ ಬದಲಾಗುತ್ತದೆ. ಬಾಲ್ಟಿಕ್ ತೀರದ ರಿಬಾಚಿ ಅನ್ನುವ ಕಡೆ ವಿಜ್ಞಾನಿಗಳು ರೀಡ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿಗಳನ್ನು ಪಂಜರದಲ್ಲಿಟ್ಟು, ನಕ್ಷತ್ರ ಕಾಣಲು ಬಿಟ್ಟು, ಸುತ್ತಲಿನ ಕಾಂತಕ್ಷೇತ್ರವನ್ನು ತಂತಿ ಸುರುಳಿಗಳಿಂದ ಬರೀ 8.5 ಡಿಗ್ರಿ ತಿರುಗಿಸಿದರು. ಸ್ಕಾಟ್ಲೆಂಡಿನಲ್ಲಿ ಇರುವಷ್ಟು ವ್ಯತ್ಯಾಸ ಅದು. ದಿಕ್ಸೂಚಿ ಮಾತ್ರ ನೋಡುವ ಹಕ್ಕಿಯಾಗಿದ್ದರೆ ಅದೂ ಅಷ್ಟೇ 8.5 ಡಿಗ್ರಿ ತಿರುಗಬೇಕಿತ್ತು. ಮರಿಗಳಿಗೆ ಗೊಂದಲವಾಗಿ ಎತ್ತೆತ್ತಲೋ ಹಾರಲು ನೋಡಿದವು. ಅನುಭವಿ ಹಕ್ಕಿಗಳು ಪಶ್ಚಿಮ ಬಿಟ್ಟು ಆಗ್ನೇಯಕ್ಕೆ ತಿರುಗಿಬಿಟ್ಟವು, ನಿಜವಾಗಿ ಸ್ಕಾಟ್ಲೆಂಡಿನಲ್ಲಿದ್ದು ವಾಪಸ್ ದಾರಿ ಹಿಡಿದವರ ಹಾಗೆ.

ಇದು ಪ್ರಕಟವಾದದ್ದು 2017ರಲ್ಲಿ. ಆಮೇಲೆ ಇದನ್ನೇ ರಾಬಿನ್ ಮತ್ತು ಗಾರ್ಡನ್ ವಾರ್ಬ್ಲರ್ ಮೇಲೆ ಮಾಡಿ ನೋಡಿದರು. ಅವು ಹಾಗೆ ತಿರುಗಲಿಲ್ಲ.